ಕಾವಲುಗಾರ ಮಲಗಿರಲಿಲ್ಲ

ಕ್ರೀಡಾಂಗಣದ ಗ್ಯಾಲರಿಯ ಕೆಳಗೆ, ಮೆಟ್ಟಿಲುಗಳೇ ಓರೆ ಸೂರಾದ ಒಂದು ಕೋಣೆ. ಎತ್ತರದವರು ಒಳಗೆ ಬಂದರೆ ಒಮ್ಮೆಯಾದರೂ ತಲೆ ಬಡಿದುಕೊಂಡೇ ಹೋಗಬೇಕು. ಅಲ್ಲಿ ಕೆಲಸ ಮಾಡುವ ಫಿಸಿಯೋಗೆ ಒಂದು ಹೆಸರಿತ್ತು, ಆದರೆ ಅದು ಸಂಬಳದ ಚೀಟಿಗೆ ಮಾತ್ರ. ಹರ್ಡಲ್ಸ್ ಓಡುವ ಹುಡುಗಿ, ಅವಳ ಅಕ್ಕನ ಮಗಳು, ಮೊದಲ ದಿನವೇ ಬಾಗಿಲಲ್ಲಿ ನಿಂತು "ಚಿಕ್ಕಮ್ಮಾ" ಅಂತ ಕೂಗಿದ್ದೇ ತಡ, ಅಂದಿನಿಂದ ಗುಂಡು ಎಸೆಯುವ ದಾಂಡಿಗರೂ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು.

ಆ ಸಂಜೆ ಚಿಕ್ಕಮ್ಮನಿಗೆ ಕೈಕಾಲು ಆಡುತ್ತಿರಲಿಲ್ಲ. ಬೆಳಗಾದರೆ ಆಯ್ಕೆಯ ಓಟ. ಕಚೇರಿ ಮುಚ್ಚುವುದರೊಳಗೆ ಅವಳು ಹುಡುಗಿಯ ಕಾಲು ಓಟಕ್ಕೆ ಯೋಗ್ಯವೋ ಅಲ್ಲವೋ ಅಂತ ಬರೆದು ಕೊಡಬೇಕು. ಮುಂದಿನ ವರ್ಷ ಹುಡುಗಿಗೆ ಕಿರಿಯರ ವಿಭಾಗದ ವಯಸ್ಸು ಮೀರುತ್ತದೆ. ಈ ಸಲ ಬಿಟ್ಟರೆ ಮತ್ತೆ ಈ ಬಾಗಿಲು ತೆರೆಯುವುದಿಲ್ಲ.

ಹುಡುಗಿ ಮೇಜಿನ ಮೇಲೆ ಅಂಗಾತ ಮಲಗಿದ್ದಳು. ಕೈಕಾಲು ಉದ್ದ, ಮೈಯಲ್ಲಿ ಹಿಡಿ ಮಾಂಸವಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ 'ಕಡ್ಡಿ'. ಎರಡೂವರೆ ತಿಂಗಳ ಹಿಂದೆ ಅವಳ ಬಲತೊಡೆಯ ಹಿಂಭಾಗದ ಸ್ನಾಯು ಹರಿದಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು ಗಾಯ ಕೂಡಿದೆ ಅಂದಿದ್ದರು. ಬಲ ಬಂದಿತ್ತು, ನೇರ ಓಟದ ವೇಗವೂ ಬಂದಿತ್ತು. ಬರದಿದ್ದದ್ದು ಒಂದೇ. ಮಂಡಿ ಮಡಚದೆ ಕಾಲನ್ನು ಮೇಲೆತ್ತಿದರೆ ಅರ್ಧದಾರಿ ದಾಟಿ ಅಲ್ಲೇ ನಿಂತುಬಿಡುತ್ತಿತ್ತು. ಪಕ್ಕದ ಗೋಡೆಯ ಮೇಲೆ ಚಿಕ್ಕಮ್ಮ ನೀಲಿ ಟೇಪು ಅಂಟಿಸಿದ್ದಳು. ಹಿಮ್ಮಡಿ ಅಲ್ಲಿಗೆ ಮುಟ್ಟಿದರೆ ಹರ್ಡಲ್ ದಾಟುವ ಕಾಲು. ಮುಟ್ಟದಿದ್ದರೆ, ಓಡಿಸಿದವರದ್ದೇ ತಪ್ಪು.

"ಇನ್ನೊಂದು ಸಲ," ಅಂದರು ಭಾವ. ಭಾವ ಅಂದರೆ ಕಡ್ಡಿಯ ಅಪ್ಪ, ಅವಳ ಕೋಚ್ ಕೂಡ. ಮಗಳ ಹಿಮ್ಮಡಿಯನ್ನು ಹೆಗಲ ಮೇಲೆ ಇಟ್ಟುಕೊಂಡು, "ಒತ್ತು. ನನ್ನ ಹೆಗಲನ್ನ ಕೆಳಗೆ ಒತ್ತು. ಒತ್ತು, ಒತ್ತು... ಬಿಡು," ಅಂದವರೇ ಕಾಲನ್ನು ಮುಂದಕ್ಕೆ ತಳ್ಳಿದರು.

ಕಡ್ಡಿ ಚೀರಲಿಲ್ಲ. ಹಲ್ಲು ಕಚ್ಚಿ ಮೇಜಿನ ಅಂಚು ಹಿಡಿದಳು. ಕಾಲು ಟೇಪಿನಿಂದ ಗೇಣು ದೂರದಲ್ಲಿ ಕಂಬದ ಹಾಗೆ ನಿಂತಿತು.

"ನೋವು, ಅಪ್ಪ."

"ನೋವು ಹೇಗೆ ಬರುತ್ತೆ? ಕಾವಲುಗಾರ ಮಲಗಿದ್ದಾನೆ ಈಗ. ಅಲ್ವೇನಮ್ಮ?" ಅಂತ ಅವರು ನಾದಿನಿಯತ್ತ ತಿರುಗಿದರು.

ಕಾವಲುಗಾರ ಚಿಕ್ಕಮ್ಮನ ಸೃಷ್ಟಿಯೇ. ಕೋಚುಗಳಿಗೆ ಪಾಠ ಹೇಳುವಾಗ ಅವಳು ತಪ್ಪದೆ ಹೇಳುತ್ತಿದ್ದ ಮಾತು. ಸ್ನಾಯು ಮೂಳೆಗೆ ಅಂಟುವ ರಜ್ಜುವಿನಲ್ಲಿ ಪುಟ್ಟ ಅಂಗಗಳಿವೆ. ಸ್ನಾಯು ಗಟ್ಟಿಯಾಗಿ ಬಿಗಿದಾಗ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಬೆನ್ನುಹುರಿ ಅದೇ ಸ್ನಾಯುವಿಗೆ ಸುಮ್ಮನಿರು ಅನ್ನುತ್ತದೆ. ಹಾಗಾಗಿ ಮೊದಲು ಬಿಗಿಸಿ, ಆಮೇಲೆ ಬಿಟ್ಟರೆ, ಸ್ನಾಯು ಕೆಲ ಹೊತ್ತು ಮಂಕಾಗಿರುತ್ತದೆ. ಸ್ನಾಯುವೆಂಬ ಕಾವಲುಗಾರ ತೂಕಡಿಸುವ ಆ ಹೊತ್ತಿನಲ್ಲೇ ಕಾಲನ್ನು ಮುಂದೆ ತಳ್ಳಿದರೆ, ಹೆಚ್ಚು ದೂರ ಹೋಗುತ್ತದೆ. ಕೋಚುಗಳು ನಗುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದವರು ಭಾವನೇ. ಬಿಗಿಸಿ ಬಿಟ್ಟರೆ ಕಾಲು ಹೆಚ್ಚು ಹೋಗುವುದಂತೂ ದಿನಾ ಕಣ್ಣೆದುರು ಕಾಣುತ್ತಿತ್ತು. ಮೇಲೆ ಒಳ್ಳೆಯ ಕತೆಯೂ ಸಿಕ್ಕಿದರೆ ಬೇಡ ಅನ್ನುವವರು ಯಾರು?

"ಇವಳು ಮನಸ್ಸಲ್ಲೇ ಹೆದರಿದ್ದಾಳೆ, ಅಷ್ಟೇ," ಅಂದರು ಭಾವ. "ನೀನೇ ಹೇಳು ಇವಳಿಗೆ. ನಾಳೆ ಒಂದೇ ದಿನ ಇರೋದು ನಮಗೆ."

ಹೇಳುವುದೇನು, ತೋರಿಸಿಯೇ ಬಿಡುತ್ತೇನೆ ಅಂದುಕೊಂಡಳು ಚಿಕ್ಕಮ್ಮ. ಕಪಾಟಿನಲ್ಲಿ ಹೊಸ ಯಂತ್ರವೊಂದಿತ್ತು. ಸ್ನಾಯು ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ತನ್ನು ಪರದೆಯ ಮೇಲೆ ಗೆರೆಯಾಗಿ ಕಾಣಿಸುವ ಯಂತ್ರ. ಬಿಗಿದರೆ ಗೆರೆ ಕಾಡುಪೊದೆಯ ಹಾಗೆ ಕೆದರುತ್ತದೆ, ಬಿಟ್ಟರೆ ನೆಲಕ್ಕೆ ಮಲಗುತ್ತದೆ. ಕಡ್ಡಿಯ ತೊಡೆಯ ಹಿಂದೆ ಅಂಟುಬಿಲ್ಲೆಗಳನ್ನು ಹಚ್ಚಿ, "ನೋಡು ಕಣೇ, ನಿನ್ನ ಸ್ನಾಯು ಹೇಗೆ ಸುಮ್ಮನಾಗುತ್ತೆ ಅಂತ ನೀನೇ ನೋಡು. ಆಮೇಲೆ ಅಪ್ಪ ತಳ್ಳಿದರೆ ಹೆದರಿಕೆ ಬೇಡ," ಅಂದಳು.

ಭಾವ ಮತ್ತೆ ಕಾಲು ಹೆಗಲಿಗೇರಿಸಿದರು. ಕಡ್ಡಿ ಒತ್ತಿದಳು, ಗೆರೆ ಕೆದರಿತು. ಬಿಟ್ಟಳು, ಗೆರೆ ಇಳಿಯಿತು. ಆದರೆ ಒತ್ತುವ ಮುಂಚೆ ಎಲ್ಲಿತ್ತೋ ಅಲ್ಲಿಗೆ ಬಂದು ನಿಂತಿತೇ ಹೊರತು ಅದಕ್ಕಿಂತ ಕೂದಲೆಳೆಯಷ್ಟೂ ಕೆಳಗೆ ಹೋಗಲಿಲ್ಲ. ಭಾವನ ಬೆರಳುಗಳು ತಳ್ಳಲು ಬಿಗಿಯಾದವು. ಕಾಲು ಇನ್ನೂ ಅಲುಗಿರಲಿಲ್ಲ, ಗೆರೆ ಮತ್ತೆ ಕೆದರಿತು.

"ತಳ್ಳಬೇಡಿ," ಅಂದಳು ಚಿಕ್ಕಮ್ಮ.

ಅಂಟುಬಿಲ್ಲೆ ಸರಿಯಿಲ್ಲವೇನೋ ಅಂತ ಬದಲಿಸಿದಳು. ಮತ್ತೆ ಅದೇ. ಕೊನೆಯ ಆಸೆಯಾಗಿ ಗೋಡೆಯ ಮೊಳೆಯಲ್ಲಿದ್ದ ಸ್ಪ್ರಿಂಗ್ ತಕ್ಕಡಿಯನ್ನು ತೆಗೆದು, ಹಿಮ್ಮಡಿಗೆ ಕಟ್ಟಿದ ಪಟ್ಟಿಗೆ ಸಿಕ್ಕಿಸಿದಳು. ಸ್ನಾಯು ನಿಜಕ್ಕೂ ಸಡಿಲವಾಗಿದ್ದರೆ, ಅದೇ ಎತ್ತರಕ್ಕೆ ಕಾಲನ್ನು ತರಲು ಕಡಿಮೆ ಬಲ ಸಾಕಾಗಬೇಕು. ಬಿಗಿಸುವ ಮುಂಚೆ ತಾನೇ ನಿಧಾನವಾಗಿ ಎಳೆದು ಮುಳ್ಳು ನೋಡಿದಳು. ಬಿಗಿಸಿ ಬಿಟ್ಟ ಮೇಲೆ ಅದೇ ಎತ್ತರಕ್ಕೆ ಮತ್ತೆ ಎಳೆದಳು. ಮುಳ್ಳು ಹೆಚ್ಚುಕಡಿಮೆ ಅಲ್ಲೇ ಬಂದು ನಿಂತಿತು. ಎಳೆಯುತ್ತಾ ಹೋದರೆ ಕಾಲು ಮಾತ್ರ ಮೊದಲಿಗಿಂತ ಎರಡು ಬೆರಳು ಮೇಲೆ ಹೋಯಿತು, ಆದರೆ ಮುಳ್ಳೂ ಅಷ್ಟೇ ಮುಂದೆ ಸರಿಯಿತು. "ಈಗ ಸಾಕು," ಅಂದಳು ಕಡ್ಡಿ. ಚಿಕ್ಕಮ್ಮ ಕೂಡಲೇ ಬಿಟ್ಟಳು.

ಅವಳು ಸ್ಟೂಲಿನ ಮೇಲೆ ಕುಸಿದಳು. ಇದನ್ನೆಲ್ಲ ಯಾರೋ ಯಾವಾಗಲೋ ಬರೆದಿದ್ದರು. ರಜ್ಜುವಿನ ಅಂಗಗಳು ಕೂಗುವುದು ಸ್ನಾಯು ಬಿಗಿದಿರುವಾಗಲೇ, ಬಿಟ್ಟೊಡನೆ ಅವುಗಳ ಅಬ್ಬರ ಇಳಿಯುತ್ತದೆ, ಆಮೇಲೆ ಉಳಿಯುವ ಮಂಕು ಕಣ್ಣು ಮಿಟುಕಿಸುವಷ್ಟು, ಬಹಳವೆಂದರೆ ಕೆಲವು ಸೆಕೆಂಡು ಅಂತ. ಕಾಲು ಹೆಚ್ಚು ಹೋಗುವುದು ಸ್ನಾಯು ಸತ್ತಂತೆ ಬಿದ್ದಿರುವುದರಿಂದಲ್ಲ, ಎಳೆತವನ್ನು ತಡೆದುಕೊಳ್ಳುವ ಅಳತೆ ಆ ಮನುಷ್ಯನಲ್ಲಿ ಏರುವುದರಿಂದ ಇರಬೇಕು ಅಂತ. ಓದಿದ್ದಳು, ತಲೆಯಾಡಿಸಿದ್ದಳು, ಮರುದಿನ ಪಾಠದಲ್ಲಿ ಮತ್ತೆ ಕಾವಲುಗಾರನನ್ನೇ ಮಲಗಿಸಿದ್ದಳು. ಕತೆ ಅಷ್ಟು ಚೆನ್ನಾಗಿತ್ತು.

"ಏನಂತೆ?" ಅಂದರು ಭಾವ.

"ಕಾವಲುಗಾರ ಮಲಗಲ್ಲ ಭಾವ," ಅಂದಳು. "ನಾನು ಹೇಳಿಕೊಟ್ಟಿದ್ದು ತಪ್ಪು. ಬಿಗಿಸಿ ಬಿಟ್ಟ ಮೇಲೂ ಅವಳ ಸ್ನಾಯು ಎದ್ದೇ ಇರುತ್ತೆ. ಎಳೆತ ಅಷ್ಟೇ ಇರುತ್ತೆ. ಹೆಚ್ಚಾಗೋದು ಅವಳು ತಡ್ಕೊಳ್ಳೋದು ಅಷ್ಟೇ. ಅವಳು ಎಷ್ಟು ಬಿಟ್ಟುಕೊಡ್ತಾಳೋ ಅಷ್ಟೇ ಬರುತ್ತೆ. ನೀವು ಕೈ ಇಟ್ಟರೆ ಅವಳು ಬಿಟ್ಟುಕೊಡ್ತಿಲ್ಲ."

"ಯಾಕೆ ಬಿಟ್ಟುಕೊಡಲ್ಲ? ನಾನೇನು ಅವಳ ವೈರಿನಾ?"

ಮೇಲೆ ಗ್ಯಾಲರಿಯಲ್ಲಿ ಯಾರೋ ಧಡಧಡ ಮೆಟ್ಟಿಲಿಳಿದು ಹೋದರು. ಕಡ್ಡಿ ಸೂರು ನೋಡುತ್ತಾ, "ಅವತ್ತು ಹರ್ಡಲ್ ಮೇಲೆ ಹರೀಲಿಲ್ಲ, ಅಪ್ಪ," ಅಂದಳು.

"ಏನು?"

"ಓಡೋಕೆ ಮುಂಚೆ ನೀನು ಸ್ಟ್ರೆಚ್ ಮಾಡಿಸಿದೆಯಲ್ಲ, ಆಗಲೇ ಒಳಗೆ ಏನೋ ಚುರುಕ್ ಅಂತು. ಸಾಕು ಅಂದೆ ನಾನು. ಇನ್ನೊಂದ್ಸಲವೂ ಅಂದೆ. ಕಾವಲುಗಾರ ಮಲಗಿದ್ದಾನೆ, ನೋವು ಆಗಲ್ಲ ಅಂದೆ ನೀನು. ನೀನು ಅಷ್ಟು ಗ್ಯಾರಂಟಿಯಾಗಿ ಹೇಳಿದ ಮೇಲೆ ನನಗೇ ಏನೋ ಭ್ರಮೆ ಅಂದ್ಕೊಂಡೆ. ಮೊದಲನೇ ಹರ್ಡಲ್‌ಗೆ ಕಾಲೆತ್ತಿದಾಗ ಪೂರ್ತಿ ಹೋಯ್ತು."

ಊರಿಗೆಲ್ಲ ಭಾವ ಹೇಳಿಕೊಂಡು ತಿರುಗಿದ್ದೇನು? ಹುಡುಗಿ ಗಮನವಿಟ್ಟು ಕಾಲೆತ್ತಲಿಲ್ಲ, ಅದಕ್ಕೇ ಹರಿಯಿತು ಅಂತ. ಅವಳೆದುರೇ ಹೇಳಿದ್ದರು, ಅಕ್ಕನ ಎದುರೂ ಹೇಳಿದ್ದರು. ಹುಡುಗಿ ಅದನ್ನೂ ನುಂಗಿಕೊಂಡಿದ್ದಳು. ಅವರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. ಹಾಗೇ ಹೊರಗೆ ಹೋದರು. ಹೋಗುವಾಗ ಓರೆ ಸೂರಿಗೆ ತಲೆ ಬಡಿಯಿತು. ಅದೂ ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಚಿಕ್ಕಮ್ಮನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ತಳ್ಳಿದ್ದು ಭಾವ, ನಿಜ. ಹಾಗೆ ತಳ್ಳುವ ಧೈರ್ಯ ಕೊಟ್ಟವಳು ತಾನು. ಅದರ ಮೇಲೆ ಇವತ್ತು ಅದೇ ಹುಡುಗಿಗೆ ಯಂತ್ರ ಕಟ್ಟಿ, ನಿನ್ನ ನೋವು ಸುಳ್ಳು ಅಂತ ಸಾಬೀತು ಮಾಡಲು ಹೊರಟಿದ್ದಳು.

"ಚಿಕ್ಕಮ್ಮ, ಟೈಮ್ ಆಗುತ್ತೆ," ಅಂದಳು ಕಡ್ಡಿ. "ಪಟ್ಟಿ ನನ್ನ ಕೈಗೆ ಕೊಡು."

ಚಿಕ್ಕಮ್ಮ ಉದ್ದನೆಯ ಪಟ್ಟಿಯನ್ನು ಪಾದಕ್ಕೆ ಸುತ್ತಿ ಎರಡು ತುದಿಗಳನ್ನೂ ಅವಳ ಕೈಗೆ ಕೊಟ್ಟಳು. ಕಡ್ಡಿ ಕಾಲನ್ನು ಪಟ್ಟಿಗೆ ಎದುರಾಗಿ ಒತ್ತಿದಳು, ಬಿಟ್ಟಳು, ತಾನೇ ಎಳೆದುಕೊಂಡಳು. ಗೆರೆ ಮಲಗಿಯೇ ಇತ್ತು. ಕಾಲು ಏರಿತು. ಅಪ್ಪನ ಹೆಗಲ ಮೇಲೆ ಗೇಣು ದೂರ ನಿಂತಿದ್ದ ಹಿಮ್ಮಡಿ ಈಗ ಟೇಪಿಗೆ ಎರಡು ಬೆರಳು ಕೆಳಗೆ ಬಂದು ನಿಂತಿತು. ಮತ್ತೆ ಮಾಡಿದಳು, ಅಲ್ಲಿಯೇ. ಎಡಗಾಲು ಮೇಜಿನಿಂದ ಎದ್ದೆದ್ದು ಬರುತ್ತಿತ್ತು, ಸೊಂಟ ವಾಲುತ್ತಿತ್ತು. ಚಿಕ್ಕಮ್ಮ ಅದನ್ನು ಒತ್ತಿ ಹಿಡಿಯಲು ಎದ್ದಳು.

"ನೀನಲ್ಲ," ಅಂದಳು ಕಡ್ಡಿ. ಕಣ್ಣೀರು ಎರಡೂ ಕಡೆಯಿಂದ ಕಿವಿಗೆ ಇಳಿಯುತ್ತಿತ್ತು. "ಅಪ್ಪನ್ನ ಕರಿ."

"ಬೇಡ ಕಣೇ. ಅವರ ಕೈ ಬಿದ್ದರೆ ಮತ್ತೆ ಬಿಗಿಯುತ್ತೆ, ನೋಡಿದೆಯಲ್ಲ."

"ನಾಳೆ ಓಟ ಶುರುವಾಗೋ ಗೆರೆ ಹತ್ರ ನಿಂತಿರೋದು ಅಪ್ಪನೇ ತಾನೇ? ಇಲ್ಲೇ ಆಗದಿದ್ರೆ ಅಲ್ಲಿ ಆಗುತ್ತಾ? ಕರಿ."

ಭಾವ ಬಾಗಿಲ ಹೊರಗೆ ಗೋಡೆಗೊರಗಿ ನಿಂತಿದ್ದರು. ಒಳಗೆ ಬಂದು ಮೇಜಿನಿಂದ ಮಾರು ದೂರದಲ್ಲೇ ನಿಂತರು.

"ಈ ಕಾಲು ಹಿಡ್ಕೊ ಅಪ್ಪ," ಅಂತ ಅವಳು ಕಣ್ಣಿನಲ್ಲೇ ಎಡಗಾಲು ತೋರಿಸಿದಳು. ಮೇಲೇಳಬೇಕಾದ ಕಾಲಲ್ಲ, ಕೆಳಗೆ ಇರಬೇಕಾದದ್ದು.

ಅವರು ಹತ್ತಿರ ಬಂದರು. ಕೈ ಚಾಚಿ, ಗಾಳಿಯಲ್ಲೇ ನಿಲ್ಲಿಸಿ, "ಹಿಡೀಲಾ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಕೇಳಿದ್ದನ್ನು ಚಿಕ್ಕಮ್ಮ ಕಂಡಿರಲಿಲ್ಲ.

"ಹೂಂ."

ಅಂಗೈ ಎಡತೊಡೆಯ ಮೇಲೆ ಕೂತ ಕ್ಷಣ, ಬಲತೊಡೆಯ ಗೆರೆ ಕೆದರಿತು. ಭಾವ ಪರದೆ ನೋಡಿದರು. ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ. ಕಡ್ಡಿ ಉಸಿರು ಬಿಟ್ಟಳು. ಇನ್ನೊಂದು ಬಿಟ್ಟಳು. ಕೆದರಿದ ಗೆರೆ ಸ್ವಲ್ಪ ಸ್ವಲ್ಪವೇ ಇಳಿದು, ಕೊನೆಗೆ ಮಲಗಿತು.

ಅವಳು ಪಟ್ಟಿಗೆ ಎದುರಾಗಿ ಒತ್ತಿದಳು. ಬಿಟ್ಟಳು. ತೊಡೆಯ ಮುಂಭಾಗ ಬಿಗಿಸಿ ಕಾಲನ್ನು ತಾನೇ ಎತ್ತುತ್ತಾ, ಪಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಕಾಲು ಏರಿತು, ನಿಂತಿತು, ಮತ್ತೆ ಏರಿತು. ಹಿಮ್ಮಡಿ ನೀಲಿ ಟೇಪಿಗೆ ತಗುಲಿತು. ಕಚೇರಿಗೆ ಬರೆದು ಕೊಡಲು ಚಿಕ್ಕಮ್ಮ ಪೆನ್ನಿಗಾಗಿ ತಡಕಾಡಿದಳು. ಭಾವ ಟೇಪನ್ನು ನೋಡಲೇ ಇಲ್ಲ, ಮಗಳ ಬಾಯನ್ನೇ ನೋಡುತ್ತಿದ್ದರು.

"ಸಾಕು," ಅಂದಳು ಕಡ್ಡಿ, ಮೆಲ್ಲಗೆ.

ಭಾವ ಕೈ ತೆಗೆದರು.