ಹಳೆಯ ಅಚ್ಚಿನ ಮೇಲೆ ಮಾಡಿದ ಹಲ್ಲು

ನನ್ನ ಅಕ್ಕನ ಬಾಯಿಯಿಂದ ಆ ಇಂಪ್ಲಾಂಟನ್ನು ನಾನು ಬೆರಳಲ್ಲೇ ತಿರುಗಿಸಿ ತೆಗೆದೆ. ಗಟ್ಟಿ ಕೂತಿದ್ದರೆ ಅದು ಇಕ್ಕಳಕ್ಕೂ ಜಗ್ಗುವುದಿಲ್ಲ. ಬೇರಿನ ಬದಲು ದವಡೆಯ ಮೂಳೆಗೆ ಕೂರಿಸುವ ಆ ಟೈಟೇನಿಯಂ ತಿರುಪಿನ ಮೇಲೆ ಮೂಳೆಯ ಒಂದು ಚೂರೂ ಅಂಟಿರಲಿಲ್ಲ, ಸುತ್ತ ಮೆತ್ತನೆಯ ಮಾಂಸದ ಪೊರೆಯಷ್ಟೇ ಇತ್ತು. ಹದಿನಾರು ವರ್ಷದ ವೃತ್ತಿಯಲ್ಲಿ ನನ್ನ ಇಂಪ್ಲಾಂಟುಗಳು ಸೋತಿಲ್ಲವೆಂದಲ್ಲ. ಆದರೆ ಸ್ವಂತ ಅಕ್ಕನ ಬಾಯಲ್ಲಿ, ಅದೂ ಎದುರಿನ ಹಲ್ಲಿನ ಜಾಗದಲ್ಲಿ ಸೋತದ್ದು ಇದೇ ಮೊದಲು.

ಅಕ್ಕ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಮೇಲಿನ ಎದುರು ಹಲ್ಲೊಂದನ್ನು ಬೇರಿನ ತನಕ ಮುರಿದುಕೊಂಡಿದ್ದಳು. ಬೇರು ಕಿತ್ತು, ಗುಂಡಿ ಮಾಯಲು ಮೂರು ತಿಂಗಳು ಕಾದು, ಸ್ಕ್ಯಾನ್ ಮಾಡಿಸಿ ಮೂಳೆ ಸಾಕಷ್ಟಿದೆ ಎಂದು ನೋಡಿಕೊಂಡೇ ತಿರುಪು ಹಾಕಿದ್ದೆ. ಸಕ್ಕರೆ ಕಾಯಿಲೆ ಇಲ್ಲ, ಸಿಗರೇಟಿನ ಮಾತೇ ಇಲ್ಲ. ತಿರುಪು ಕೂರಿಸುವಾಗ ಬಿಗಿತ ಚೆನ್ನಾಗಿ ಸಿಕ್ಕಿತ್ತು. ಅದಕ್ಕೇ ಒಸಡು ಮುಚ್ಚಿ ಹೊಲಿಯದೆ, ಒಸಡಿನಿಂದ ತುಸುವೇ ಮೇಲೆ ಕಾಣುವ ಲೋಹದ ಟೋಪಿ ಹಾಕಿ ಬಿಟ್ಟಿದ್ದೆ.

ರೋಗಿಗಳಿಗೆ ನಾನು ಇದನ್ನು ಹೀಗೆ ವಿವರಿಸುತ್ತೇನೆ. ಮೊದಲ ದಿನದ ಗಟ್ಟಿತನ ತಿರುಪಿನದು, ಗೋಡೆಗೆ ಹೊಡೆದ ಮೊಳೆಯಂತೆ. ಆಮೇಲೆ ದೇಹ ಆ ಗಾಯಗೊಂಡ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟತೊಡಗುತ್ತದೆ. ಮೂರನೆಯ, ನಾಲ್ಕನೆಯ ವಾರದ ಹೊತ್ತಿಗೆ ಹಳೆಯ ಬಿಗಿತ ಇಳಿದಿರುತ್ತದೆ, ಹೊಸ ಮೂಳೆ ಇನ್ನೂ ಎಳಸು. ಆಗಲೇ ಅಪಾಯ. ತಿರುಪು ಕೂದಲೆಳೆಯಷ್ಟು ಪದೇ ಪದೇ ಅಲುಗಿದರೂ ದೇಹ ಮೂಳೆ ಕಟ್ಟುವುದನ್ನು ಬಿಟ್ಟು ಮೆತ್ತನೆಯ ನಾರು ಕಟ್ಟಿಬಿಡುತ್ತದೆ. ಅಲುಗದಿದ್ದರೆ ಮೂರು ತಿಂಗಳೊಳಗೆ ಮೂಳೆ ಲೋಹವನ್ನು ಅಪ್ಪಿ ಹಿಡಿಯುತ್ತದೆ.

ಅಕ್ಕನ ತಿರುಪಿನ ಗಟ್ಟಿತನವನ್ನು ನೂರರವರೆಗೆ ಅಂಕಿ ತೋರಿಸುವ ಮೀಟರಿನಲ್ಲಿ ಅಳೆಯುತ್ತಾ ಬಂದಿದ್ದೆ. ಮೊದಲ ದಿನ ಅರವತ್ತೆಂಟು. ನಾಲ್ಕನೇ ವಾರ ಅರವತ್ತೊಂದು. ಇಷ್ಟು ಇಳಿಯುವುದು ಸಹಜ. ಏಳನೇ ವಾರಕ್ಕೆ ಏರಬೇಕಿತ್ತು, ಐವತ್ತೈದು ತೋರಿಸಿತು. ಎಕ್ಸ್‌ರೇಯಲ್ಲಿ ಏನೂ ಸ್ಪಷ್ಟವಿರಲಿಲ್ಲ, ಕಾಯೋಣ ಎಂದೆ. ಹತ್ತನೇ ವಾರ ಟೋಪಿಯನ್ನು ಬಿಚ್ಚಲು ಹೋದರೆ ತಿರುಪೇ ಜೊತೆಗೆ ತಿರುಗಿತು. ಅಕ್ಕ ಕುರ್ಚಿಯಲ್ಲಿ "ಅಮ್ಮಾ" ಎಂದು ಕಿರುಚಿದಳು.

ಯಾರ ತಪ್ಪು? ಅದೊಂದೇ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. ಕೋಪ ನನಗೆ ಮೂಗಿನ ತುದಿಯಲ್ಲಿ. ಮನೆಯವರೆಲ್ಲ ಹಾಗೇ ಹೇಳುತ್ತಾರೆ, ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಬೆಳೆದವಳು.

ನನ್ನ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ವರ್ಷದಿಂದ ಒಬ್ಬ ಸಹಾಯಕಿ ಇದ್ದರು. ಕಣ್ಣಿಗೆ ಕಂಡದ್ದನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದರಿಂದ ಅವರನ್ನು ಎಲ್ಲರೂ ಸ್ಪಿರಿಟ್ಟಮ್ಮ ಎನ್ನುತ್ತಿದ್ದೆವು. ಒಮ್ಮೆ ಔಷಧಿ ಕಂಪನಿಯವನ ಬೋಳುತಲೆಯನ್ನೂ ಒರೆಸಿಯೇಬಿಡುತ್ತಾರೆ ಎಂದು ನಾವು ನಕ್ಕಿದ್ದುಂಟು. ಮೂಳೆ ಕೊರೆಯುವ ಡ್ರಿಲ್ಲುಗಳ ಲೆಕ್ಕ ಅವರ ಕೈಯಲ್ಲಿತ್ತು. ಪ್ರತಿ ಸಲ ಬಳಸಿದಾಗಲೂ ಕಾರ್ಡಿನಲ್ಲಿ ಒಂದು ಗೀಟು, ಇಪ್ಪತ್ತೈದು ಗೀಟಾದರೆ ಡ್ರಿಲ್ಲು ಕಸಕ್ಕೆ. ಮೊಂಡಾದ ಡ್ರಿಲ್ಲು ಮೂಳೆಯನ್ನು ಬಿಸಿ ಮಾಡುತ್ತದೆ. ನಲವತ್ತೇಳು ಡಿಗ್ರಿ ಬಿಸಿ ಒಂದು ನಿಮಿಷ ತಗುಲಿದರೆ ಮೂಳೆ ಸತ್ತೇ ಹೋಗುತ್ತದೆ. ಸತ್ತ ಮೂಳೆ ಯಾವ ತಿರುಪನ್ನೂ ಹಿಡಿಯುವುದಿಲ್ಲ.

ಕಾರ್ಡು ತೆಗೆಸಿದೆ. ಅಕ್ಕನ ಆಪರೇಷನ್ನಿನ ವಾರ ಅಪಾಯಿಂಟ್‌ಮೆಂಟ್ ಪಟ್ಟಿಯಲ್ಲಿ ಮೂರು ಕೇಸು ಬರೆದಿತ್ತು, ಕಾರ್ಡಿನಲ್ಲಿ ಎರಡೇ ಗೀಟು.

"ಇದೇನಿದು?" ಎಂದೆ.

"ಮೇಡಂ, ಮೂರನೇದು ಮಾಡ್ಲೇ ಇಲ್ವಲ್ಲ. ಅವರಿಗೆ ಬಿಪಿ ಏರಿತ್ತು ಅಂತ ನೀವೇ ವಾಪಸ್ ಕಳಿಸಿದ್ರಿ."

"ನನಗೆ ನೆನಪಿಲ್ಲ. ಒಂದು ಗೀಟು ಬಿಟ್ಟವರು ಎಷ್ಟು ಬಿಟ್ಟಿದ್ದೀರೋ ಯಾರಿಗೆ ಗೊತ್ತು? ನಮ್ಮಕ್ಕನ ಮೂಳೆ ಸುಟ್ಟಿದ್ದೀರಿ ನೀವು."

"ನಿಮ್ಮ ಡೈರಿ ತೆಗೆದು ನೋಡಿ ಮೇಡಂ," ಎಂದರು, ಅಷ್ಟೇ. ನಾನು ನೋಡಲಿಲ್ಲ. ಕುರ್ಚಿಯಲ್ಲಿ ಅಕ್ಕ ಹತ್ತಿ ಕಚ್ಚಿಕೊಂಡು ಕುಳಿತಿದ್ದಳು. ಹಿಂದಿನ ಲ್ಯಾಬಿನ ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಅವರು ದಂತ ತಂತ್ರಜ್ಞ, ರೋಗಿಗಳ ಬಾಯಿಯಿಂದ ನಾನು ತೆಗೆದುಕೊಟ್ಟ ಅಚ್ಚುಗಳ ಮೇಲೆ ಹಲ್ಲು ಕಟ್ಟುವವರು. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ನನ್ನ ಸಿಟ್ಟಿಗೆ ಹೆದರಿ ಸುಮ್ಮನಿದ್ದಾರೆ ಎಂದುಕೊಂಡೆ. ಸ್ಪಿರಿಟ್ಟಮ್ಮ ಏಪ್ರನ್ ಮಡಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು. ನಾಳೆಯಿಂದ ಬರಬೇಡಿ ಎಂದು ನಾನೇ ಹೇಳಿದ್ದೆ.

ಎರಡು ವಾರ ಕಳೆಯಿತು. ಸೋತ ತಿರುಪನ್ನು ಕಂಪನಿಗೆ ಹಿಂತಿರುಗಿಸಬೇಕಾದರೆ ಒಂದು ಫಾರಂ ತುಂಬಬೇಕು. ಕಾರಣಗಳ ಪಟ್ಟಿ ಅದರಲ್ಲೇ ಅಚ್ಚಾಗಿರುತ್ತದೆ: ಸೋಂಕು, ಧೂಮಪಾನ, ಸಕ್ಕರೆ, ಮೂಳೆ ಬಿಸಿಯಾದದ್ದು, ಬಿಗಿತ ಸಾಲದ್ದು, ಬೇಗ ಭಾರ ಬಿದ್ದದ್ದು. 'ಬಿಸಿಯಾದದ್ದು' ಎಂಬಲ್ಲಿ ಗುರುತು ಹಾಕಿ, ಜೊತೆಗೆ ಕಳಿಸಬೇಕಾದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ಪ್ರತಿ ಭೇಟಿಯಲ್ಲೂ ನಾನು ಎದುರಿನಿಂದೊಂದು, ಕನ್ನಡಿ ಇಟ್ಟು ಅಂಗುಳಿನದೊಂದು ತೆಗೆಯುತ್ತೇನೆ. ತೆಗೆಯುತ್ತೇನೆ, ಹಾಗೇ ಬಿಡುತ್ತೇನೆ. ಎದುರಿನದನ್ನಷ್ಟೇ ನೋಡುವುದು ರೂಢಿ.

ನಾಲ್ಕನೇ ವಾರದ ಅಂಗುಳಿನ ಫೋಟೋದಲ್ಲಿ ಒಂದು ಕೆಂಪು ಗೆರೆ ಇತ್ತು. ಹಿಗ್ಗಿಸಿ ನೋಡಿದೆ. ಅರ್ಧಚಂದ್ರದಂತೆ ಅಂಗುಳಿನ ಅಡ್ಡಕ್ಕೆ ಹಾದು, ಈಚೆಗಿನ ಭಾಗವೆಲ್ಲ ಕೆಂಪು, ಆಚೆಗಿನದು ತಿಳಿ. ಏಳನೇ ವಾರದ್ದರಲ್ಲಿ ಅದೇ ಗೆರೆ, ಇನ್ನೂ ಗಾಢ. ಇಂಥ ಗೆರೆಯನ್ನು ದಂತ ಕಾಲೇಜಿನ ಎರಡನೇ ವರ್ಷದ ಹುಡುಗಿಯೂ ಗುರುತಿಸುತ್ತಾಳೆ. ಅಂಗುಳಿಗೆ ಅಂಟಿ ಕೂರುವ, ಹಾಕಿ ತೆಗೆಯುವ ಹಲ್ಲಿನ ಪ್ಲೇಟನ್ನು ಹಗಲು ರಾತ್ರಿ ಬಾಯಲ್ಲಿಟ್ಟುಕೊಂಡವರ ಅಂಗುಳು ಹೀಗಾಗುತ್ತದೆ.

ನಾನು ಅಕ್ಕನಿಗೆ ಪ್ಲೇಟು ಕೊಟ್ಟಿರಲಿಲ್ಲ. ಕೊಟ್ಟದ್ದು ನಕಲಿ ಹಲ್ಲು ಕೂರಿಸಿದ ತೆಳು ಪಾರದರ್ಶಕ ಕವಚವೊಂದನ್ನು. ಅದು ಅಕ್ಕಪಕ್ಕದ ಹಲ್ಲುಗಳ ಮೇಲಷ್ಟೇ ಕೂರುತ್ತದೆ, ಒಸಡು ಮುಟ್ಟುವುದಿಲ್ಲ. ಅದನ್ನು ಹಾಕಿಕೊಂಡರೆ 'ಸ'ಕಾರ ತೊದಲುತ್ತದೆ, ಊಟಕ್ಕೆ ತೆಗೆದಿಡಬೇಕು ಎಂದು ಮೊದಲ ವಾರವೇ ಗೊಣಗಿದ್ದಳು. ಮೂರು ತಿಂಗಳು ಸಹಿಸಿಕೋ ಎಂದು ಗದರಿದ್ದೆ. ನಾನು ಕೊಡದ ಪ್ಲೇಟು ಅವಳ ಬಾಯಿಗೆ ಬಂದದ್ದು ಎಲ್ಲಿಂದ? ಊರಲ್ಲಿ ಎಷ್ಟೋ ಲ್ಯಾಬುಗಳಿವೆ. ಆದರೆ ನನ್ನ ಕಾಲು ತಾನಾಗಿ ಹಿಂದಿನ ಕೋಣೆಯ ಕಡೆಗೇ ನಡೆಯಿತು.

ಗಂಡ ಮೇಣದ ಮೇಲೆ ಬಗ್ಗಿದ್ದರು.

"ಅಕ್ಕನಿಗೆ ಪ್ಲೇಟು ಮಾಡಿಕೊಟ್ರಾ?"

ಅವರು ಕೈಲಿದ್ದ ಚಾಕುವನ್ನು ಕೆಳಗಿಟ್ಟರು. ಸುಳ್ಳು ಹೇಳಿದ್ದರೆ ಒಂದು ಕ್ಷಣವಾದರೂ ನಂಬುತ್ತಿದ್ದೆನೇನೋ.

"ಅವರೇ ಬಂದು ಅತ್ತುಬಿಟ್ರು ಕಣೇ. ಪ್ರೇಯರ್‌ನಲ್ಲಿ ಮಾತಾಡಿದ್ರೆ ಮಕ್ಕಳು ನಗ್ತಾರೆ ಅಂತ. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

"ಯಾವ ಅಚ್ಚಿನ ಮೇಲೆ ಮಾಡಿದ್ರಿ?"

ಅವರು ಮೇಜಿನ ಮೇಲಿನ ಮೇಣದ ಚೂರುಗಳನ್ನು ಒಟ್ಟು ಮಾಡತೊಡಗಿದರು.

"ಯಾವ ಅಚ್ಚು ರೀ?"

"ಹಳೇದು. ಆಪರೇಷನ್ನಿಗೆ ಮುಂಚಿಂದು. ಹೊಸದು ತಗೋಬೇಕಂದ್ರೆ ನಿನ್ನನ್ನೇ ಕೇಳ್ಬೇಕಿತ್ತಲ್ಲ. ಟೋಪಿ ಇರೋ ಜಾಗದಲ್ಲಿ ಅಂದಾಜಿಗೆ ಒಳಗಡೆ ಕೊರೆದಿದ್ದೆ. ತಾಗಲ್ಲ ಅಂದ್ಕೊಂಡೆ."

ಅಂದಾಜಿಗೆ! ಹಳೆಯ ಅಚ್ಚಿನಲ್ಲಿ ಆ ಟೋಪಿಯೇ ಇರಲಿಲ್ಲ. ಎಷ್ಟೆತ್ತರ, ಯಾವ ಓರೆ, ಅವರಿಗೇನು ಗೊತ್ತು? ಅಕ್ಕ ಪ್ರತಿ ತುತ್ತು ಅಗಿದಾಗಲೂ ಆ ಪ್ಲೇಟು ಟೋಪಿಯನ್ನು ಒತ್ತಿದೆ, ಟೋಪಿ ತಿರುಪನ್ನು ಅಲುಗಿಸಿದೆ. ಅದೂ ಅತಿ ಸೂಕ್ಷ್ಮವಾದ ಮೂರನೇ ನಾಲ್ಕನೇ ವಾರದಲ್ಲಿ. ನನ್ನಲ್ಲಿಗೆ ಬರುವ ಮುನ್ನ ಅವಳು ಅದನ್ನು ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದಿರಬೇಕು. ಏಳನೇ ವಾರದ ಅಂಕಿ ನೋಡಿ ನಾನು ತಲೆ ಕೆಡಿಸಿಕೊಂಡಿದ್ದಾಗ, ಮನೆಯಲ್ಲಿ ಇದೇ ಮನುಷ್ಯನ ಎದುರು ಕೂತು ಯಾಕಿರಬಹುದು ಎಂದು ಕೇಳಿದ್ದೆ. ಇದೇ ಮನುಷ್ಯ "ಕೆಲವರಿಗೆ ನಿಧಾನ ಆಗುತ್ತೆ" ಎಂದಿದ್ದರು.

ಅಕ್ಕನಿಗೆ ಫೋನ್ ಮಾಡಿದೆ. "ಪ್ಲೇಟು ಎಲ್ಲಿದೆ?" ಎಂದೆ.

"ಬೈಬೇಡ್ವೇ," ಎಂದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು. "ಒಂದು ಹಲ್ಲು ತಾನೇ ಹೋಗಿದ್ದು, ಇನ್ನೊಂದು ಹಾಕಿದ್ರಾಯ್ತು."

"ಹೋಗಿದ್ದು ಹಲ್ಲೊಂದೇನಾ? ಆ ಹೆಂಗಸು ನಿನ್ನೆದುರಿಗೇ ಕೆಲಸ ಕಳ್ಕೊಂಡು ಹೋದ್ರಲ್ಲ!"

"ಬಾಯಲ್ಲಿ ಹತ್ತಿ ಇತ್ತಲ್ಲೇ," ಎಂದಳು ನನ್ನಕ್ಕ, ಐನೂರು ಮಕ್ಕಳಿಗೆ ಸತ್ಯ ನುಡಿಯಿರಿ ಎಂದು ಹೇಳಿಕೊಡುವವಳು.

ಫೋನ್ ಇಟ್ಟು ಅತ್ತೆ. ಇವರಿಬ್ಬರನ್ನು ಬಿಟ್ಟರೆ ನನಗೆ ಈ ಭೂಮಿಯ ಮೇಲೆ ಇನ್ಯಾರಿದ್ದಾರೆ? ಆ ಇಬ್ಬರೇ ಸೇರಿ ನನಗೆ ಮಂಕುಬೂದಿ ಎರಚಿದ್ದರು. ಆಮೇಲೆ ಡೈರಿ ತೆಗೆದೆ. ಆ ವಾರದ ಮೂರನೇ ಹೆಸರಿನ ಎದುರು ನನ್ನದೇ ಕೈಬರಹವಿತ್ತು: ಬಿಪಿ ಜಾಸ್ತಿ, ಮುಂದೂಡಿದೆ.

ಸ್ಪಿರಿಟ್ಟಮ್ಮನ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ತೆರೆದವರು ಒಳಗೆ ಕರೆದು ಕುರ್ಚಿ ಕೊಟ್ಟರು, ಕೊಡುವ ಮುನ್ನ ಅದರ ಕೈ ಒರೆಸಿದರು. ನಾನು ಎಲ್ಲವನ್ನೂ ಹೇಳಿದೆ, ಪ್ಲೇಟು, ಹಳೆಯ ಅಚ್ಚು, ಡೈರಿ. ತಪ್ಪಾಯಿತು ಎಂದೆ, ವಾಪಸ್ ಬನ್ನಿ ಎಂದೆ. ನಂಬಿದವರೇ ನನಗೆ ಹೀಗೆ ಮೋಸ ಮಾಡಿದರು ಎಂದು ಹೇಳುವಾಗ ಮತ್ತೆ ಕಣ್ಣು ತುಂಬಿತು.

ಅವರು ನೀರು ತಂದುಕೊಟ್ಟು ಎದುರಿಗೆ ಕೂತರು.

"ಬರಲ್ಲ ಮೇಡಂ. ಬೇರೆ ಕಡೆ ಸೇರ್ಕೊಂಡಿದೀನಿ."

"ಅವರ ತಪ್ಪಿಗೆ ನನ್ನನ್ನ ಬಿಟ್ಟು ಹೋಗ್ತೀರಾ?"

"ಅವರು ನಿಮ್ಮಿಂದ ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಹೇಳಿದ್ರೆ ನೀವು ಏನ್ ಮಾಡ್ತೀರ ಅಂತ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ ಮೇಡಂ. ಹದಿನಾಲ್ಕು ವರ್ಷ ನಿಮ್ಮ ಪಕ್ಕದಲ್ಲೇ ನಿಂತಿದ್ದೆ, ಡೈರಿ ತೆಗೆದು ನೋಡ್ತೀರ ಅಂದ್ಕೊಂಡೆ."

ನೀರು ಕುಡಿದು ಎದ್ದೆ.

ಕ್ಲಿನಿಕ್ಕಿಗೆ ಮರಳಿದಾಗ ಗಂಡ ಲ್ಯಾಬಿನ ಬಾಗಿಲಲ್ಲೇ ಕಾಯುತ್ತಿದ್ದರು.

"ಬರ್ತಾರಂತಾ?"

"ಇಲ್ಲ."

"ನಾನೇ ಹೋಗಿ ಹೇಳ್ಲಾ? ತಪ್ಪು ನಂದು ಅಂತ?"

"ಹೇಳೋಕೆ ಅವತ್ತು ಇಷ್ಟೇ ದೂರ ಇತ್ತು," ಎಂದೆ. "ನೀವು ಇದೇ ಬಾಗಿಲಲ್ಲಿ ನಿಂತಿದ್ರಿ. ಅವರು ನಿಮ್ಮ ಮುಂದೇನೇ ಚಪ್ಪಲಿ ಹಾಕ್ಕೊಂಡ್ರು."