ಯಾರಿಗೂ ಹೇಳಬಾರದ ನಂಬರು

ಮಂಟಯ್ಯನಿಗೆ ಮೊಬೈಲ್‌ನಲ್ಲಿ ಸಾಮಾನು ತರಿಸೋದು ಕಲಿಸುವಷ್ಟರಲ್ಲಿ ಮಗಳು ಮಾಲಾಗೆ ಸಾಕುಸಾಕಾಗಿ ಹೋಯಿತು. ಹೈಸ್ಕೂಲಿನ ಹುಡುಗರಿಗೆ ಇಪ್ಪತ್ತು ವರ್ಷ ಗಣಿತ ತಿದ್ದಿದವಳು ಅವಳು. ಆದರೆ ಆ ಹುಡುಗರು ಯಾರೂ ಇಷ್ಟು ಪ್ರಶ್ನೆ ಕೇಳಿದವರಲ್ಲ ಬಿಡಿ.

"ನೀನೇ ಒತ್ತಿ ತರಿಸ್ಬುಡವ್ವ, ನನಗ್ಯಾಕೆ ಈ ಉಸಾಬರಿ" ಅಂತ ಅವನೇನೂ ಅನ್ನಲಿಲ್ಲ. ಕಲಿಯಬೇಕು ಅಂತ ಹಟ ಹಿಡಿದವನೇ ಅವನು. ಹೆಂಡತಿ ಚಿಕ್ಕಮಾದಮ್ಮನಿಗೆ ಬೇಕಾದ್ದನ್ನು ನಲವತ್ತಾರು ವರ್ಷದಿಂದ ತಾನೇ ತಂದುಕೊಟ್ಟವನು, ಈಗ ಬೇರೆಯವರ ಕೈಲಿ ತರಿಸುತ್ತಾನೆಯೇ?

ಬೇಕಾಗಿದ್ದದ್ದು ಒಂದು ಡಬ್ಬಿ ಪುಡಿ. ಜನವರಿಯಲ್ಲಿ ಚಿಕ್ಕಮಾದಮ್ಮನಿಗೆ ಸ್ಟ್ರೋಕ್ ಹೊಡೆದು ಎಡಗಡೆ ಬಿದ್ದುಹೋಗಿತ್ತು. ನೀರು, ಕಾಫಿ ಏನೇ ತೆಳ್ಳಗಿರುವುದು ಕೊಟ್ಟರೂ ನೆತ್ತಿಗೆ ಹತ್ತಿ ಕಣ್ಣು ಮೇಲಾಗುತ್ತಿತ್ತು. ಈ ಪುಡಿ ಕಲಸಿದರೆ ಕಾಫಿ ಗಟ್ಟಿಯಾಗಿ, ರುಚಿ ಕೆಡದೆ, ನಿಧಾನವಾಗಿ ಗಂಟಲಿಗೆ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಎರಡು ಡಬ್ಬಿ ಮುಗಿದವು. ಅಲ್ಲಿ ಮತ್ತೆ ಸ್ಟಾಕ್ ಇರಲಿಲ್ಲ, ಮೈಸೂರಿನ ಹನ್ನೊಂದು ಮೆಡಿಕಲ್ ಸ್ಟೋರ್ ಸುತ್ತಿದರೂ ಸಿಗಲಿಲ್ಲ. ಮಂಟಯ್ಯ ರಾಗಿಹಿಟ್ಟು ಕದಡಿ ನೋಡಿದ. ಅವಳು ಒಂದು ಚಮಚ ಬಾಯಿಗೆ ತಗೊಂಡು ಅವನ ಅಂಗಿ ಮೇಲೇ ಉಗಿದಳು. ಮಾತು ನಿಂತುಹೋದವಳಿಗೆ ಇನ್ನೂ ಬರುತ್ತಿದ್ದದ್ದು ಒಂದೇ ಪದ, ಕಾಫಿ.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ದಿನೇದಿನೇ ನುಂಗೋ ಶಕ್ತಿ ಕಮ್ಮಿಯಾಗ್ತಿದೆ, ಶನಿವಾರ ನೋಡಿ ಮೂಗಿಗೆ ಟ್ಯೂಬ್ ಹಾಕ್ತೀವಿ, ಆಮೇಲೆ ಬಾಯಿಗೆ ಏನೂ ಕೊಡೋ ಹಾಗಿಲ್ಲ. ಅಂದರೆ ಶನಿವಾರದೊಳಗೆ ಪುಡಿ ಬಂದರೆ ಅವಳಿಗೆ ಕಾಫಿ ಉಂಟು. ಬರದಿದ್ದರೆ ಇಲ್ಲ, ಈ ಜನ್ಮಕ್ಕೆ ಇಲ್ಲ.

ಭಾನುವಾರ ಮಾಲಾ ದಟ್ಟಗಳ್ಳಿಯ ತನ್ನ ಮನೆಯಿಂದ ಸ್ಕೂಟರ್‌ನಲ್ಲಿ ಕುಂಬಾರಕೊಪ್ಪಲಿನ ತವರಿಗೆ ಬಂದು ಅಪ್ಪನ ಪಕ್ಕ ಕೂತಳು. ಸೋಮವಾರದಿಂದ ಅವಳಿಗೆ ಸರಸ್ವತಿಪುರದಲ್ಲಿ ಹತ್ತನೇ ಕ್ಲಾಸಿನ ಪೇಪರ್ ತಿದ್ದುವ ಕೆಲಸ. ಒಳಗೆ ಹೋದರೆ ಮೊಬೈಲು ಗೇಟಿನಲ್ಲೇ ಇಟ್ಟು ಹೋಗಬೇಕು. ಹಾಗಾಗಿ ಆರ್ಡರ್ ಅಪ್ಪನ ನಂಬರಿನಿಂದಲೇ ಆಗಬೇಕಿತ್ತು.

ವಿಳಾಸದ ಜಾಗದಲ್ಲಿ ಮಂಟಯ್ಯ ತನ್ನ ಹೆಸರು ಹಾಕಿ "ಬ್ಯಾಂಕ್ ವಾಚ್‌ಮನ್, ನಿವೃತ್ತ" ಅಂತಲೂ ಸೇರಿಸಿದ.

"ಅಪ್ಪಾ, ನಿನ್ ಸರ್ವೀಸ್ ಯಾರ್ ಕೇಳಿದ್ರು? ಮನೆ ನಂಬರು, ಕ್ರಾಸು, ಪಿನ್‌ಕೋಡು ಹಾಕು. ಗುರುತಿಗೆ ಹಾಲಿನ ಬೂತ್ ಎದುರು ಅಂತ ಹಾಕು. ಫೋನ್ ನಂಬರ್ ಸರಿಯಾಗಿರಬೇಕು, ಅದಕ್ಕೇ ಅವರು ಫೋನ್ ಮಾಡೋದು."

"ಬ್ಯಾಂಕ್ ಮಂಟಯ್ಯ ಅಂದ್ರೆ ಕೊಪ್ಪಲಿಗೇ ಗೊತ್ತು ಕಣವ್ವ."

"ಕೊಪ್ಪಲಿಗೆ ಗೊತ್ತು, ಪಾರ್ಸೆಲ್‌ಗೆ ಗೊತ್ತಿಲ್ಲ."

ದುಡ್ಡು ಕಟ್ಟುವ ಹೊತ್ತಿಗೆ ಮಾಲಾಳ ದನಿ ಗಡುಸಾಯಿತು. ಹೋದ ವರ್ಷ ಅವಳ ಸಹೋದ್ಯೋಗಿ ಗಾರ್ಗಿಯ ಮಾವ, ಪಾಪ, ಯಾರೋ ಫೋನಿನಲ್ಲಿ ಕೇಳಿದರು ಅಂತ ಓಟಿಪಿ ಹೇಳಿ ಪಿಂಚಣಿಯನ್ನೆಲ್ಲ ಕಳೆದುಕೊಂಡು ಹಾಸಿಗೆ ಹಿಡಿದಿದ್ದರು. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಳೆ ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಳು. ಯಾರೋ ಕಳಿಸಿದ ಲಿಂಕ್ ಒತ್ತಬಾರದು. ಪಿನ್ ಹಾಕುವ ಮುಂಚೆ ದುಡ್ಡು ಯಾರ ಹೆಸರಿಗೆ, ಎಷ್ಟು ಅಂತ ಓದಬೇಕು. ನಮಗೆ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಕೊನೆಗೆ ಕೆಂಪು ಪೆನ್ನಿನಲ್ಲಿ ಬರೆದದ್ದು: ಓಟಿಪಿ ಯಾರಿಗೂ ಹೇಳಬಾರದು, ಮಾಲಾ ಕೇಳಿದರೂ ಹೇಳಬಾರದು.

ಮಂಟಯ್ಯ ಅದನ್ನು ಎರಡು ಸಲ ಓದಿ ತಲೆಯಾಡಿಸಿದ. ಮೂವತ್ತೊಂದು ವರ್ಷ ಬ್ಯಾಂಕಿನ ಬಾಗಿಲು ಕಾದವನು. ಒಂದು ಸಲ ಹೊತ್ತು ಮೀರಿ ಬಂದ ಮ್ಯಾನೇಜರನ್ನೇ, ರಿಜಿಸ್ಟರಿಗೆ ಸೈನ್ ಹಾಕದೆ ಒಳಗೆ ಬಿಡೋಲ್ಲ ಅಂತ ಅಡ್ಡ ನಿಂತಿದ್ದನಂತೆ. ನಿಯಮ ಅಂದರೆ ಅವನಿಗೆ ನಿಯಮವೇ.

ಗುರುವಾರ ಬರುತ್ತದೆ ಅಂತ ತೋರಿಸಿತು. ಎಲ್ಲಿಗೆ ಬಂದಿದೆ ಅಂತ ನೋಡುವುದನ್ನೂ ಕಲಿಸಿದ್ದೇ ತಡ, ಮಂಟಯ್ಯನಿಗೆ ಅದೇ ಗೀಳಾಯಿತು. ಬೆಳಿಗ್ಗೆ ಎದ್ದು ಹೆಂಡತಿಗೆ ಸುದ್ದಿ ಓದಿದ ಹಾಗೆ ಓದುತ್ತಿದ್ದ: "ಹುಬ್ಬಳ್ಳಿ ಬುಡ್ತು ಕಣಮ್ಮೀ. ಬೆಂಗಳೂರಿಗೆ ಬಂದದೆ. ನಾಳಿದ್ದು ನಿನಗೆ ಕಾಫಿ." ಅವಳ ಬಲಗೈ ಹೊದಿಕೆ ಮೇಲೆ ಅಲ್ಲಾಡುತ್ತಿತ್ತು.

ಗುರುವಾರ ಸಂಜೆ ಮಾಲಾ ಗೇಟಿನಲ್ಲಿ ಮೊಬೈಲು ಇಸ್ಕೊಂಡು ನೋಡಿದರೆ ಅಪ್ಪನ ಒಂಬತ್ತು ಮಿಸ್ಡ್ ಕಾಲ್. ಅವ್ವನಿಗೇನಾಯ್ತೋ ಅಂತ ಸ್ಕೂಟರು ಓಡಿಸಿಕೊಂಡು ಬಂದರೆ, ಮಂಟಯ್ಯ ಬಾಗಿಲಲ್ಲೇ ಎದೆ ಸೆಟೆಸಿ ನಿಂತಿದ್ದ.

"ಮಧ್ಯಾಹ್ನ ಒಬ್ಬ ಬಂದಿದ್ದ ಕಣವ್ವ. ಹೆಲ್ಮೆಟ್ಟು, ಬೆನ್ನಿಗೆ ಚೀಲ. ಪಾರ್ಸೆಲ್ ಐತೆ, ಮೊಬೈಲಿಗೆ ಓಟಿಪಿ ಬಂದದೆ ಹೇಳಿ ಅಂದ. ನಾನ್ ಬುಟ್ನಾ? ನಿನಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಓಟಿಪಿ ಇಲ್ದೆ ಕೊಡೋಕಾಗಲ್ಲ ತಾತ ಅಂತ ಗೋಗರೆದ. ನಿನ್ ಪಾರ್ಸೆಲ್ಲೂ ಬ್ಯಾಡ, ನೀನೂ ಬ್ಯಾಡ, ತಗೊಂಡ್ ಹೋಗು, ಇಲ್ಲಾ ಪೊಲೀಸ್ ಕರೀತೀನಿ ಅಂದೆ. ಹೋದ."

ಅಯ್ಯೋ ದೇವರೇ. ದುಡ್ಡಿನ ಓಟಿಪಿ ಬೇರೆ, ಸಾಮಾನು ತಲುಪಿತು ಅನ್ನುವುದಕ್ಕೆ ಕೊಡುವ ಓಟಿಪಿ ಬೇರೆ. ಪಾರ್ಸೆಲ್ ಎದುರಿಗಿದ್ದಾಗ, ಅದರ ಮೇಲೆ ನಮ್ಮ ಹೆಸರು ನೋಡಿಕೊಂಡು, ಎರಡನೆಯದನ್ನು ಹೇಳಬೇಕು. ಅದನ್ನು ಮಾಲಾ ಹೇಳಿರಲೇ ಇಲ್ಲ. ಇಷ್ಟುದ್ದ ಬರೆದವಳು ಇನ್ನೊಂದು ಸಾಲು ಬರೆದಿದ್ದರೆ ಕೈ ಸವೆಯುತ್ತಿತ್ತೇ? ಅಪ್ಪನ ಮೊಬೈಲಿನ ಮೆಸೇಜ್ ತೆಗೆದು ನೋಡಿದಳು. ಡೆಲಿವರಿ ಪಡೆಯಲು ಈ ಸಂಖ್ಯೆ ನೀಡಿ ಅಂತ ಅದರಲ್ಲೇ ಬರೆದಿತ್ತು.

"ಸರಿ ಮಾಡಿದ್ನಲ್ವಾ?" ಅಂದ ಮಂಟಯ್ಯ. ಒಂಬತ್ತು ವರ್ಷದ ಹಿಂದೆ ಬಾಗಿಲು ಕಾಯುವುದನ್ನು ಬಿಟ್ಟವನ ಮುಖದಲ್ಲಿ ಅವತ್ತು ಡ್ಯೂಟಿ ಮಾಡಿದ ಕಳೆ.

"ಸರಿಯಾಗೇ ಮಾಡ್ದೆ ಅಪ್ಪಾ" ಅಂದಳು. ಬೇರೆ ಏನು ಹೇಳಲು ಬಾಯಿ ಬರುತ್ತೆ? "ಅವನ್ಯಾರೋ ಕಳ್ಳ. ನಮ್ಮ ಪಾರ್ಸೆಲ್ ಲೇಟಾಗುತ್ತಂತೆ, ಎರಡು ದಿನ ಮೊಬೈಲಲ್ಲಿ ನೋಡ್ಬೇಡ."

ಹಿತ್ತಲಿಗೆ ಹೋಗಿ ಸಹಾಯವಾಣಿಗೆ ಫೋನ್ ಮಾಡಿದಳು. ಬೇಡ ಅಂದಿದ್ದಾರೆ ಅಂತ ಒಂದು ಸಲ ದಾಖಲಾದರೆ ಅದು ಮಾರಿದವರಿಗೇ ವಾಪಸ್ ಹೋಗುತ್ತೆ ಮೇಡಂ, ನಡುವೆ ನಿಲ್ಲಿಸೋಕಾಗಲ್ಲ, ದುಡ್ಡು ನಿಮಗೆ ಬರುತ್ತೆ, ಅಂದಳು ಆ ಕಡೆಯವಳು. ದುಡ್ಡು ಯಾರಿಗೆ ಬೇಕಿತ್ತು! ಹೊಸ ಆರ್ಡರ್ ಹಾಕಿದರೆ ಮಂಗಳವಾರ ಅಂತ ತೋರಿಸಿತು. ಆದರೂ ಹಾಕಿದಳು. ಶುಕ್ರವಾರ ಬೆಳಿಗ್ಗೆ ಕೊರಿಯರ್ ಗೋಡೌನಿಗೇ ಹೋದಳು. ಶಿವಮಲ್ಲಪ್ಪ ಅನ್ನುವ ಮೇಲ್ವಿಚಾರಕ, ಒಳ್ಳೆಯವನೇ, ಕಂಪ್ಯೂಟರ್ ನೋಡಿ ಲೊಚಗುಟ್ಟಿದ. "ನಿನ್ನೆ ಸಂಜೆ ಗಾಡೀಲೇ ವಾಪಸ್ ಹೊರಟೋಯ್ತಲ್ಲ ಅಕ್ಕಾ."

ಶನಿವಾರ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು. ಡಾಕ್ಟರಿಗೆ ಮಾಲಾ ಮೂರು ದಿನ ತಡೆಯಿರಿ ಅಂತ ಕೈ ಮುಗಿದಳು. ದೇಹದಲ್ಲಿ ನೀರೇ ಇಲ್ಲ, ತಡೆಯೋ ಹಾಗಿಲ್ಲ ಅಂದರು. ಇನ್ನು ಪುಡಿ ಹಾಕಿದರೂ ಬಾಯಿಗೆ ಕೊಡಬೇಡಿ, ಶ್ವಾಸಕೋಶಕ್ಕೆ ಹೋದರೆ ಉಳಿಯೋದಿಲ್ಲ ಅಂತಲೂ ಹೇಳಿದರು.

ಮಧ್ಯಾಹ್ನ ಮನೆಗೆ ಕರೆತಂದು ಮಲಗಿಸಿದರು. ಮಾಲಾ ದಿಂಬು ಸರಿ ಮಾಡುತ್ತಿದ್ದಳು. ಎರಡು ದಿನ ಕಳೆಯಿತು ಅಂತ ಮಂಟಯ್ಯ ಕನ್ನಡಕ ಏರಿಸಿ, ಪಾರ್ಸೆಲ್ ಎಲ್ಲಿದೆ ಅಂತ ನೋಡಲು ಮೊಬೈಲು ಹಿಡಿದ. ಅವಳು ಕಸಿದುಕೊಳ್ಳುವಷ್ಟರಲ್ಲಿ ಬೆರಳಿಟ್ಟು ಓದತೊಡಗಿದ್ದ.

"ಗುರುವಾರ... ಮೈಸೂರು... ಗ್ರಾಹಕರು... ಸ್ವೀಕರಿಸಲು... ನಿರಾಕರಿಸಿದ್ದಾರೆ." ಇನ್ನೊಂದು ಸಲ ಓದಿದ. "ಗ್ರಾಹಕರು ಅಂದ್ರೆ ಯಾರವ್ವ?"

ಮಾಲಾ ಮೊಬೈಲಿಗೆ ಕೈ ಚಾಚಿದಳು.

"ನಾನೇ ಅಲ್ವಾ?" ಮೊಬೈಲು ತೊಡೆ ಮೇಲೆ ಜಾರಿತು. "ಬಾಗಿಲಿಗೆ ಬಂದಿತ್ತಾ? ಬಂದಿದ್ದನ್ನ ನಾನೇ ಅಟ್ಟಿದ್ನಾ?"

"ನಿನ್ ತಪ್ಪಲ್ಲ ಅಪ್ಪಾ, ನಂದು. ನಾನ್ ಹೇಳ್ಕೊಟ್ಟಿದ್ದೇ ಅರ್ಧ" ಅಂತ ಅವಳು ಅಳುತ್ತಾ ಅವನ ಕೈ ಹಿಡಿದಳು. ಅವನಾಗಲೇ ಹೆಂಡತಿಯ ಕಡೆ ತಿರುಗಿದ್ದ.

"ನಿನ್ ಕಾಫಿನ ನಾನೇ ಬ್ಯಾಡ ಅಂದ್ಬುಟ್ಟೆ ಕಣಮ್ಮೀ" ಅಂದ.

ಚಿಕ್ಕಮಾದಮ್ಮನಿಗೆ ಅದರಲ್ಲಿ ಒಂದೇ ಪದ ತಿಳಿಯಿತು. ಮೂಗಿಗೆ ಟ್ಯೂಬ್ ಅಂಟಿಸಿದ್ದ ಮುಖವನ್ನು ಅವನತ್ತ ಹೊರಳಿಸಿ, ಬಾಯಿ ತೆರೆದು ಕಾದಳು.