ಇಪ್ಪತ್ತಾರು ದಿನದ ಆಷಾಢ

ನಂಜನಗೂಡಿನ ಬಜಾರು ಬೀದಿಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದ ಪುಟ್ಟಬಸವಯ್ಯನವರು ಆಷಾಢದಲ್ಲಿ ಹೊಸದೇನನ್ನೂ ಶುರುಮಾಡಿದವರಲ್ಲ. ಹೊಸ ಚಪ್ಪಲಿ ತಂದರೂ ಶ್ರಾವಣದವರೆಗೆ ಅದಕ್ಕೆ ಅಟ್ಟವೇ ಗತಿ. ಒಂದು ವರ್ಷ ಅಂಗಡಿಯ ತಕ್ಕಡಿ ಮುರಿದಾಗ ಹೊಸದನ್ನು ಕೊಂಡು ಪೊಟ್ಟಣ ಬಿಚ್ಚದೆ ಮೂಲೆಗಿಟ್ಟು, ಇಡೀ ತಿಂಗಳು ಪಕ್ಕದಂಗಡಿಯವರ ತಕ್ಕಡಿಯನ್ನು ಕಾಡಿ ಬೇಡಿ ತಂದು ತೂಗಿದ್ದರು. ಯಾರು ನಕ್ಕರೂ ಅವರಿಗೆ ಲೆಕ್ಕವಿಲ್ಲ. ನಕ್ಕವರ ಮನೆಯಲ್ಲಿ ಏನೇನು ಕೆಟ್ಟಿತು ಎಂಬ ಪಟ್ಟಿ ಅವರ ಬಾಯಲ್ಲೇ ಇರುತ್ತಿತ್ತು.

ಇಂಥವರ ಕೈಗೆ ಆರೋಗ್ಯ ವಿಮೆಯ ಕಾಗದ ಸಿಕ್ಕಿದ್ದು ಎರಡು ಸಾವಿರದ ಐದರಲ್ಲಿ. ಗೆಳೆಯನ ಮಗಳು ಶಿವರಂಜನಿ ಆಗತಾನೆ ವಿಮಾ ಏಜೆಂಟಾಗಿದ್ದಳು. ಪುಟ್ಟಬಸವಯ್ಯನವರ ಹೆಂಡತಿ ಚನ್ನಾಜಮ್ಮ ಹೊಸಿಲು ದಾಟುವಾಗ ಬಾಗಿಲವಾಡ ಹಿಡಿದು ನಿಲ್ಲುವುದನ್ನು ಕಂಡು, ದೊಡ್ಡಮ್ಮನಿಗೆ ಈಗಲೇ ಒಂದು ಪಾಲಿಸಿ ಮಾಡಿಸಿ ಎಂದು ಬೆನ್ನುಬಿದ್ದಳು. ಆಕೆಗೆ ಆಗ ಅರವತ್ತೆರಡು. ಈ ಕಂಪನಿಯಲ್ಲಿ ಹೊಸದಾಗಿ ಸೇರಲು ಅರವತ್ತೈದೇ ಕೊನೆ, ಅದು ದಾಟಿದರೆ ಬಾಗಿಲು ಮುಚ್ಚಿತು. ಒಳಗೆ ಸೇರಿಕೊಂಡವರು ಮಾತ್ರ ವರ್ಷವರ್ಷವೂ ತಪ್ಪದೆ ರಿನ್ಯೂವಲ್ ಮಾಡಿಸುತ್ತ ಎಷ್ಟು ವಯಸ್ಸಾದರೂ ಉಳಿಯಬಹುದು ಎಂದು ವಿವರಿಸಿದಳು. ಡಾಕ್ಟರರ ಪರೀಕ್ಷೆಯಾಯಿತು, ರಕ್ತ ಕೊಟ್ಟಿದ್ದಾಯಿತು. ಮಂಡಿ ಸವೆದಿರುವುದನ್ನು ಮುಚ್ಚಿಡದೆ ಅರ್ಜಿಯಲ್ಲಿ ಬರೆಸಿದಳು. ಮಂಡಿಯ ಕೀಲು ಬದಲಿಸುವ ಆಪರೇಷನ್ನಿಗೆ ಕಂಪನಿ ದುಡ್ಡು ಕೊಡಬೇಕಾದರೆ ಪಾಲಿಸಿ ನಡುವೆ ಕಡಿಯದೆ ನಾಲ್ಕು ವರ್ಷ ನಡೆದಿರಬೇಕಿತ್ತು.

ನಾಲ್ಕು ವರ್ಷ ಎಂಬುದೊಂದು ಪುಟ್ಟಬಸವಯ್ಯನವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಉಳಿದದ್ದೆಲ್ಲ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಯಿತು. ಅದೊಂದು ವ್ರತವಿದ್ದಂತೆ, ಇಷ್ಟು ವರ್ಷ ನಡೆಸಿದರೆ ಕೊನೆಗೆ ಫಲ ಕೈಸೇರುತ್ತದೆ ಎಂದು ಅವರು ತಿಳಿದುಕೊಂಡರು. ಆರು ತಿಂಗಳಾದ ಮೇಲೆ, ತಮಗೂ ಅರವತ್ತೈದು ಹತ್ತಿರವಾಯಿತೆಂದು ತಮ್ಮ ಹೆಸರಿಗೂ ಒಂದು ಪಾಲಿಸಿ ಮಾಡಿಸಿಕೊಂಡರು.

ಚನ್ನಾಜಮ್ಮ ಆ ನಾಲ್ಕು ವರ್ಷ ಕಳೆದ ಬಗೆ ಬೇರೆ. ಮೊದಲ ವರ್ಷ ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವರು ಎರಡನೆಯ ವರ್ಷ ಆಟೋ ಹತ್ತಿದರು. ಮೂರನೆಯ ವರ್ಷ ಹೋಗುವುದನ್ನೇ ಬಿಟ್ಟರು. ನಾಲ್ಕನೆಯ ವರ್ಷ ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಕೂತು ಇಷ್ಟಲಿಂಗ ಪೂಜೆ ಮಾಡತೊಡಗಿದರು. ಹಾಗೆ ಕೂತ ಮೊದಲ ದಿನ ಮಾತ್ರ ಆಕೆ ಅತ್ತಿದ್ದು. ತಿ. ನರಸೀಪುರದಲ್ಲಿದ್ದ ತಂಗಿ ಸರ್ವಮಂಗಳಾ, ಆಪರೇಷನ್ ಆದಾಗ ಬಂದು ಒಂದು ತಿಂಗಳು ಇದ್ದು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದಳು. ಮೈಸೂರಿನ ಡಾಕ್ಟರರೂ ಎಕ್ಸ್‌ರೇ ನೋಡಿ, ಇನ್ನು ತಡಮಾಡಬೇಡಿ ಎಂದಿದ್ದರು.

ಎರಡು ಸಾವಿರದ ಒಂಬತ್ತರ ಜೂನ್ ಇಪ್ಪತ್ತೇಳರ ಮಧ್ಯರಾತ್ರಿಗೆ ನಾಲ್ಕನೆಯ ವರ್ಷ ಮುಗಿಯುವುದಿತ್ತು. ಹಿಂದೆಲ್ಲ ಪುಟ್ಟಬಸವಯ್ಯನವರು ಜ್ಯೇಷ್ಠದಲ್ಲೇ ಚೆಕ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಆ ವರ್ಷ ಜ್ಯೇಷ್ಠದಲ್ಲಿ ತಮ್ಮನ ಮಗಳ ಮದುವೆ. ಚಪ್ಪರ, ಛತ್ರ, ಬೀಗರು ಎಂದು ಓಡಾಡಿ ಮುಗಿಸಿ, ಪಂಚಾಂಗದೊಳಗೆ ಮಡಿಚಿಟ್ಟಿದ್ದ ನೋಟೀಸನ್ನು ಬಿಚ್ಚುವ ಹೊತ್ತಿಗೆ ಆಷಾಢ ಹುಟ್ಟಿತ್ತು. ನೋಟೀಸಿನಲ್ಲಿ ‘ಹೊಸ ಪಾಲಿಸಿ ಆರಂಭದ ದಿನಾಂಕ’ ಎಂದು ಅಚ್ಚಾಗಿತ್ತು. ಆರಂಭ ಎಂಬ ಮಾತು ಕಣ್ಣಿಗೆ ಬಿದ್ದದ್ದೇ ಕಾಗದ ಮತ್ತೆ ಪಂಚಾಂಗದೊಳಗೆ ಸೇರಿತು.

ಶಿವರಂಜನಿ ಮೂರು ಸಲ ಫೋನು ಮಾಡಿದಳು. ವಾಯಿದೆ ಮುಗಿದ ಮೇಲೆ ಹದಿನೈದು ದಿನ ಅವಕಾಶವಿದೆ, ಆ ದಿನಗಳಲ್ಲಿ ಏನಾದರೂ ಆದರೆ ಕಂಪನಿ ಕೊಡುವುದಿಲ್ಲ, ಆದರೆ ಅಷ್ಟರೊಳಗೆ ಕಟ್ಟಿದರೆ ನಾಲ್ಕು ವರ್ಷದ ಲೆಕ್ಕ ಉಳಿಯುತ್ತದೆ ಎಂದು ಬಿಡಿಸಿ ಹೇಳಿದಳು. ಪುಟ್ಟಬಸವಯ್ಯನವರು ನಕ್ಕರು.

“ನಾಕು ವರ್ಸ ತುಂಬ್ತಲ್ಲವ್ವ. ತುಂಬಿದ್ದು ಎಲ್ ಓದಾತು? ಆಷಾಢ ಕಳೀಲಿ, ಶ್ರಾವಣದ ಮೊದಲ್ನೇ ಸುಕ್ರವಾರ ನಾನೇ ಓಗಿ ಕಟ್ತೀನಿ.”

ಚನ್ನಾಜಮ್ಮ ಕೂಡ ಒಂದು ಸಲ ಕೇಳಿದರು. ಕರೆಂಟು ಬಿಲ್ಲನ್ನು ಆಷಾಢದಲ್ಲಿ ಕಟ್ಟಲಿಲ್ಲವೆ ಎಂದರು. ಅದು ಸುಟ್ಟ ಕರೆಂಟಿನ ದುಡ್ಡು, ಇದು ಆರಂಭ, ಎರಡಕ್ಕೂ ವ್ಯತ್ಯಾಸ ಇಲ್ಲವೆ ಎಂದು ಇವರು ಗದರಿದರು. ಆಕೆ ಎರಡನೆಯ ಸಲ ಕೇಳಲಿಲ್ಲ.

ಆಷಾಢದ ಅಮಾವಾಸ್ಯೆಯ ದಿನ ಗ್ರಹಣವೂ ಹಿಡಿಯಿತು. ಕಟ್ಟದಿದ್ದದ್ದೇ ಒಳ್ಳೆಯದಾಯಿತು ಎಂದು ಪುಟ್ಟಬಸವಯ್ಯನವರು ಬೀಗಿದರು. ಶುಕ್ರವಾರ ಬೆಳಿಗ್ಗೆ ಚೆಕ್ಕಿನ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಬಸ್‌ಸ್ಟ್ಯಾಂಡಿನ ಬಳಿಯ ಬ್ರಾಂಚಿನಲ್ಲಿ ಮೊದಲ ಗಿರಾಕಿಯಾಗಿ ಕೂತರು.

ಬ್ರಾಂಚಿನ ಆಫೀಸರು ಮಲ್ಲಿಕಾರ್ಜುನ್ ವಯಸ್ಸಿನಲ್ಲಿ ಚಿಕ್ಕವನು, ಮಾತು ಮೆತ್ತಗೆ. ಕಂಪ್ಯೂಟರಿನಲ್ಲಿ ನೋಡಿ, ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ, ಚೆಕ್ಕನ್ನು ಹಾಗೆಯೇ ವಾಪಸು ತಳ್ಳಿದ.

“ಇಪ್ಪತ್ತಾರು ದಿನ ಖಾಲಿ ಓಗಿದೆ ಯಜಮಾನ್ರೆ. ಅದಿನೈದರ ಮೇಲೆ ನಮ್ ಕೈಲಿಲ್ಲ. ಪಾಲಿಸಿ ಕಡಿದೋಯ್ತು.”

ಪುಟ್ಟಬಸವಯ್ಯನವರಿಗೆ ಮೊದಲು ಅರ್ಥವೇ ಆಗಲಿಲ್ಲ. ನಾಲ್ಕು ವರ್ಷ ತುಂಬಿದೆಯಲ್ಲ ಎಂದರು. ತುಂಬಿದೆ, ಆದರೆ ಅದರ ಫಲ ಐದನೆಯ ವರ್ಷದ ಪಾಲಿಸಿಯಲ್ಲಿ ಸಿಗುವುದು, ಆ ಪಾಲಿಸಿಯೇ ಇಲ್ಲವಲ್ಲ ಎಂದ ಆತ. ಹಾಗಾದರೆ ಹೊಸದಾಗಿ ಮಾಡಿ ಎಂದರು. ಚನ್ನಾಜಮ್ಮನಿಗೆ ಈಗ ಅರವತ್ತಾರು, ಹೊಸದಾಗಿ ಸೇರಲು ಅರವತ್ತೈದೇ ಕೊನೆ. ಸೇರಿಸಿಕೊಂಡರೂ ಮತ್ತೆ ಮೊದಲಿನಿಂದ ನಾಲ್ಕು ವರ್ಷ. ಹಾಗಾದರೆ ಹಳೆಯದನ್ನೇ ಮುಂದುವರಿಸಿ ಎಂದರು. ಹಳೆಯದು ಕಡಿದುಹೋಗಿದೆ. ಗಾಣದೆತ್ತಿನ ಹಾಗೆ ಮಾತು ಸುತ್ತಿದಲ್ಲೇ ಸುತ್ತಿತು. ಪಾಪ, ಮಲ್ಲಿಕಾರ್ಜುನ್ ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಎರಡನೆಯ ಸಲ ಪುಟ್ಟಬಸವಯ್ಯನವರಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

ಕೊನೆಗೆ ಆತ ಒಂದು ದಾರಿ ತೋರಿಸಿದ. ತಡವಾದದ್ದನ್ನು ಮನ್ನಿಸಿ ಎಂದು ಮೈಸೂರಿನ ಮೇಲಿನ ಆಫೀಸಿಗೆ ಅರ್ಜಿ ಬರೆಯಬಹುದು, ಆದರೆ ಒಪ್ಪಿಯೇ ಒಪ್ಪುತ್ತಾರೆಂದು ಹೇಳಲಾಗದು ಎಂದ. ಅರ್ಜಿಯಲ್ಲಿ ತಡಕ್ಕೆ ಕಾರಣ ಬರೆಯಬೇಕಿತ್ತು. ಹುಷಾರಿರಲಿಲ್ಲ ಎಂದು ಬರೆಯುತ್ತೇನೆ ಎಂದರು ಇವರು. ಯಾರಿಗೆ, ಅಮ್ಮನಿಗೋ ಎಂದು ಮಲ್ಲಿಕಾರ್ಜುನ್ ಗಾಬರಿಯಾದ; ಹಾಗೆ ಬರೆದರೆ ಖಾಲಿ ದಿನಗಳಲ್ಲಿ ಏನು ಕಾಯಿಲೆ ಬಂತು, ಚೀಟಿ ತನ್ನಿ ಎನ್ನುತ್ತಾರೆ, ಇದ್ದದ್ದನ್ನೇ ಬರೆಯಿರಿ ಎಂದ. ಪುಟ್ಟಬಸವಯ್ಯನವರು ಪೆನ್ನು ಹಿಡಿದರು. ಐವತ್ತು ವರ್ಷ ನೆಚ್ಚಿಕೊಂಡು ಬಂದ ಮಾತನ್ನು ಆಫೀಸಿನ ಕಾಗದದ ಮೇಲೆ ಬರೆಯಲು ಅವರಿಗೆ ನಾಚಿಕೆಯಾಯಿತು. ಆದರೂ ಬರೆದರು: ಆಷಾಢ ಮಾಸವಾದ್ದರಿಂದ.

ಮೂರು ವಾರಕ್ಕೆ ಉತ್ತರ ಬಂತು. ತಡವನ್ನು ಮನ್ನಿಸಲು ಅವಕಾಶವಿಲ್ಲ, ವಯೋಮಿತಿ ಮೀರಿರುವುದರಿಂದ ಹೊಸ ಪ್ರಸ್ತಾವವನ್ನೂ ಸ್ವೀಕರಿಸಲಾಗದು ಎಂದು ಕಾರಣ ಸಮೇತ ಎರಡೇ ಸಾಲು.

ಆ ಕಾಗದವನ್ನು ಅವರು ಮೂರು ದಿನ ಅಂಗಡಿಯ ಗೋಣಿಚೀಲದ ಕೆಳಗೆ ಬಚ್ಚಿಟ್ಟರು. ಅತ್ತ ಚನ್ನಾಜಮ್ಮ ಆಸ್ಪತ್ರೆಗೆ ಬೇಕಾಗುವ ಸೀರೆ, ಲೋಟ, ವಿಭೂತಿಗಟ್ಟಿಗಳನ್ನು ಒಂದು ಬ್ಯಾಗಿಗೆ ತುಂಬಿಟ್ಟಿದ್ದರು. ಆ ಬ್ಯಾಗು ಕಣ್ಣಿಗೆ ಬಿದ್ದಾಗಲೆಲ್ಲ ಪುಟ್ಟಬಸವಯ್ಯನವರು ಅಂಗಡಿಯ ಕಡೆ ಹೊರಟುಬಿಡುತ್ತಿದ್ದರು. ನಾಲ್ಕನೆಯ ದಿನ ಊಟಕ್ಕೆ ಕೂತವರು ತಟ್ಟೆ ಸರಿಸಿ ಎಲ್ಲವನ್ನೂ ಹೇಳಿಬಿಟ್ಟರು. ಆಕೆ ಬೈಯಲಿ ಎಂದು ಕಾದರು. ಆಕೆ ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಕೈಯಾಡಿಸುತ್ತಿದ್ದರು.

“ಈ ಮಂಡಿ ಆಷಾಢ ಅಂತ ಒಂದ್ ದಿನಾನೂ ನೋಯ್ದೆ ಬಿಡ್ಲಿಲ್ಲ ಕಣ್ರೀ,” ಎಂದಷ್ಟೇ ಅಂದರು.

ಅದಾದ ಮೇಲೆ ಮನೆಯಲ್ಲಿ ವಿಮೆಯ ಮಾತೇ ಇಲ್ಲ. ಬ್ಯಾಗಿನೊಳಗಿನ ಸೀರೆಗಳು ಒಂದೊಂದಾಗಿ ಬೀರುವಿಗೆ ವಾಪಸಾದವು. ಸರ್ವಮಂಗಳಾ ಬಂದು ನಾಲ್ಕು ದಿನ ಇದ್ದು ಹೋದಳು. ಪುಟ್ಟಬಸವಯ್ಯನವರು ಸೈಟು ಮಾರಿಯಾದರೂ ಆಪರೇಷನ್ ಮಾಡಿಸುತ್ತೇನೆ ಎಂದರೆ, ಚನ್ನಾಜಮ್ಮ ಕೇಳಿಸದವರಂತೆ ಹೂವು ಕಟ್ಟುತ್ತಿದ್ದರು.

ಡಿಸೆಂಬರ್ ಬಂತು. ಇಪ್ಪತ್ತೊಂದಕ್ಕೆ ಪುಟ್ಟಬಸವಯ್ಯನವರ ಸ್ವಂತ ಪಾಲಿಸಿಯ ನಾಲ್ಕನೆಯ ವರ್ಷ ಮುಗಿಯುವುದಿತ್ತು. ಅಷ್ಟರಲ್ಲಿ ಧನುರ್ಮಾಸ ಹಿಡಿದಿತ್ತು. ಆ ತಿಂಗಳಲ್ಲೂ ಅವರು ಹೊಸದೇನನ್ನೂ ಶುರುಮಾಡುವವರಲ್ಲ. ಚನ್ನಾಜಮ್ಮ ನೋಟೀಸನ್ನು ಪಂಚಾಂಗದಿಂದ ತಾವೇ ತೆಗೆದು ಗಂಡನ ಜೇಬಿಗೆ ತುರುಕಿದರು. ಬರೀ ಅವರ ಮಾತು ನಂಬದೆ ಆಟೋ ಕರೆಸಿ, ಕೋಲೂರಿಕೊಂಡು ತಾವೂ ಹತ್ತಿ ಕೂತರು.

ಬ್ರಾಂಚಿಗೆ ಐದು ಮೆಟ್ಟಿಲು. ಚನ್ನಾಜಮ್ಮ ಎರಡು ಹತ್ತಿ, ಇನ್ನಾಗದೆಂದು ಅಲ್ಲೇ ಕಟ್ಟೆಯ ಮೇಲೆ ಕೂತರು. ಪುಟ್ಟಬಸವಯ್ಯನವರು ಒಬ್ಬರೇ ಒಳಗೆ ಹೋಗಿ ಚೆಕ್ ಕೊಟ್ಟರು. ಅದರ ಮೂಲೆಗೆ ಅರಿಸಿನ ಇರಲಿಲ್ಲ. ಮಲ್ಲಿಕಾರ್ಜುನ್ ಖುಷಿಯಿಂದಲೇ ತೆಗೆದುಕೊಂಡ. ವಾಯಿದೆಗೆ ನಾಲ್ಕು ದಿನ ಮುಂಚೆಯೇ ಬಂದಿರಿ, ಐದನೆಯ ವರ್ಷ ಶುರುವಾದ ಮೇಲೆ ನಿಮಗೆ ಮಂಡಿಯ ಆಪರೇಷನ್ನೂ ಸಿಗುತ್ತದೆ ಎಂದ.

ಪುಟ್ಟಬಸವಯ್ಯನವರು ಮೇಜಿನ ಮೇಲೆ ಬಗ್ಗಿದರು. ಅಪ್ಪನ ಕಾಲದಿಂದ ಜಮೀನಿನ ಕಾಗದಗಳನ್ನು ನೋಡುತ್ತ ಬಂದವರು. ಒಬ್ಬರ ಹೆಸರಿನಲ್ಲಿದ್ದುದು ಇನ್ನೊಬ್ಬರ ಹೆಸರಿಗೆ ಹೋಗಲು ದಾರಿ ಇದ್ದೇ ಇರುತ್ತದೆ ಎಂದು ಅವರು ನಾಲ್ಕು ತಿಂಗಳಿಂದ ಯೋಚಿಸುತ್ತಿದ್ದರು.

“ನನ್ ಮಂಡಿ ಚೆನ್ನಾಗೈತೆ ಸಾ. ಈ ನಾಕು ವರ್ಸ ಅವಳ್ ಹೆಸರಿಗೆ ಖಾತೆ ಮಾಡ್ಕೊಡಿ. ನಂಗೇನೂ ಬ್ಯಾಡ.”

ಮಲ್ಲಿಕಾರ್ಜುನ್ ನಗಲಿಲ್ಲ. ಇದು ಜಮೀನಲ್ಲ ಯಜಮಾನ್ರೆ, ಒಬ್ಬರ ಮೈಗೆ ಮಾಡಿದ್ದು ಇನ್ನೊಬ್ಬರ ಮೈಗೆ ವರ್ಗವಾಗುವುದಿಲ್ಲ ಎಂದು ಮೆಲ್ಲನೆ ಹೇಳಿ, ರಸೀದಿ ಕೊಟ್ಟ. ಅವರು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಹೊರಗೆ ಬಂದು ಮೂರು ಮೆಟ್ಟಿಲನ್ನು ಸಲೀಸಾಗಿ ಇಳಿದರು. ಯಾವ ನೋವೂ ಇಲ್ಲದ ತಮ್ಮ ಮಂಡಿಗಳ ಮೇಲೆ ಅವರಿಗೆ ಆವತ್ತು ವಿಪರೀತ ಸಿಟ್ಟು ಬಂತು. ಕಟ್ಟೆಯ ಮೇಲೆ ಕೂತಿದ್ದ ಚನ್ನಾಜಮ್ಮ, ಕಟ್ಟಿದಿರಾ ಎಂದು ಕೇಳಿದರು. ಕಟ್ಟಿದೆ ಎಂದರು. ಆಕೆ ಏಳಲೆಂದು ಕೈಚಾಚಿದರು.